37 ಗುಂಡಿಯ ಪೆಗ್ ಸಾಲಿಟೇರ್: ಬಣ್ಣದ ಲೆಕ್ಕದ ಆಚೆ ಏನಿದೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಪೆಗ್ ಸಾಲಿಟೇರ್ ಅಂದರೆ ಒಂದು ಗೋಲಿಯನ್ನು ಪಕ್ಕದ ಗೋಲಿಯ ಮೇಲಿಂದ ಆಚೆಯ ಖಾಲಿ ಗುಂಡಿಗೆ ನೆಗೆಸಿ, ದಾಟಿದ ಗೋಲಿಯನ್ನು ತೆಗೆಯುವ ಆಟ. ನನ್ನ ಹತ್ತಿರ ಫ್ರೆಂಚ್ ಮಾದರಿಯ ಮಣೆ ಇದೆ. ಸಾಲುಗಳಲ್ಲಿ 3, 5, 7, 7, 7, 5, 3 ಗುಂಡಿಗಳು. ನಡುವಿನ ಗುಂಡಿ ಖಾಲಿ ಬಿಟ್ಟು ಶುರು ಮಾಡಿದರೆ ಕೊನೆಗೆ ಒಂದೇ ಗೋಲಿ ಉಳಿಸೋಕೆ ಆಗಲ್ಲ. ಇದು ನನಗೆ ಅರ್ಥವಾಗಿದೆ. ಓರೆ ಸಾಲುಗಳಿಗೆ ಕೆಂಪು, ಹಳದಿ, ನೀಲಿ ಅಂತ ಸರದಿಯಲ್ಲಿ ಬಣ್ಣ ಹಚ್ಚಿದೆ. ನಡುವಿನದು ಕೆಂಪು. ಒಟ್ಟು ಕೆಂಪು 13, ಉಳಿದವು 12, 12. ನಡುವಿನ ಗೋಲಿ ತೆಗೆದರೆ ಮೂರೂ 12. ಪ್ರತಿ ನೆಗೆತಕ್ಕೆ ಎರಡು ಬಣ್ಣದಲ್ಲಿ ಒಂದೊಂದು ಗೋಲಿ ಕಮ್ಮಿ, ಮೂರನೆಯದರಲ್ಲಿ ಒಂದು ಜಾಸ್ತಿ. ಹಾಗಾಗಿ ಮೂರೂ ಒಟ್ಟಿಗೆ ಸಮ, ಇಲ್ಲವೇ ಒಟ್ಟಿಗೆ ಬೆಸ. ಒಂದೇ ಗೋಲಿ ಉಳಿದರೆ ಲೆಕ್ಕ 1, 0, 0. ಅದು ಬರೋಕೆ ಸಾಧ್ಯವೇ ಇಲ್ಲ, ಅಲ್ವಾ?

ನನ್ನ ತೊಡಕು ಬೇರೆ. ದೂರ ದೂರ ಇರುವ ಒಂದು ಹಳದಿ, ಒಂದು ನೀಲಿ ಗೋಲಿ ಇಟ್ಟುಕೊಳ್ಳಿ. ಬಣ್ಣದ ಲೆಕ್ಕದ ಪ್ರಕಾರ ಒಂದು ಕೆಂಪು ಗೋಲಿ ಉಳಿಯಬಹುದು, ಆದರೆ ನೆಗೆಯೋಕೇ ಜಾಗ ಇಲ್ಲ. ಅಂದರೆ ಲೆಕ್ಕ ಸರಿ ಬಂದ ಮಾತ್ರಕ್ಕೆ ದಾರಿ ಇದೆ ಅನ್ನುವಂತಿಲ್ಲ. ಗೋಲಿಗಳು ಜಾಸ್ತಿ ಇದ್ದಾಗ, ಲೆಕ್ಕ ಸರಿ ಇದ್ದರೂ ಬೇಕಾದ ಕೊನೆಯ ಸ್ಥಿತಿ ತಲುಪೋಕೆ ಆಗಲ್ಲ ಅಂತ ಕಾಗದದ ಮೇಲೆ ತೋರಿಸೋದು ಹೇಗೆ? ಗುಂಡಿಗಳಿಗೆ ಬೆಲೆ ಕೊಟ್ಟು, ಯಾವ ನೆಗೆತದಲ್ಲೂ ಮೊತ್ತ ಏರದ ಹಾಗೆ ನೋಡಿಕೊಳ್ಳುವ ಕ್ರಮ ಇದೆಯಂತೆ. ಆ ಬೆಲೆಗಳನ್ನು ಆರಿಸೋದು ಹೇಗೆ? ತಿಳಿದವರು ಒಂದು ಚಿಕ್ಕ ಉದಾಹರಣೆ ಕೊಡಿ, ದಯವಿಟ್ಟು.