‘ಇನ್ಸಿಡೆಂಟಲ್’ ವ್ಯಾಪಾರ: ಪ್ರಾಸಂಗಿಕವೋ, ಪೂರಕವೋ, ಆನುಷಂಗಿಕವೋ?

ಬಲ್ಲವರಲ್ಲಿ ಒಂದು ಕೇಳಿಕೆ. ಶಾಲೆ ನಡೆಸುವ ಟ್ರಸ್ಟ್ ಒಂದರ ಲೆಕ್ಕಪತ್ರದ ಟಿಪ್ಪಣಿಯನ್ನು ಕನ್ನಡಿಸುತ್ತಿದ್ದೇನೆ. ಶಾಲೆಯ ಗೋಡೆಗೆ ಅಂಟಿಕೊಂಡು ಅವರದೊಂದು ಅಂಗಡಿಯಿದೆ. ಒಳಗಿನ ಕಿಟಕಿಯಲ್ಲಿ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ. ರಸ್ತೆ ಕಡೆಯ ಬಾಗಿಲಲ್ಲಿ ಸೋಪು, ಬಿಸ್ಕತ್ತು, ಮೊಬೈಲ್ ಕವರು. ವ್ಯಾಪಾರವು ಟ್ರಸ್ಟಿನ ಉದ್ದೇಶಕ್ಕೆ ‘ಇನ್ಸಿಡೆಂಟಲ್’ ಆಗಿದ್ದರೆ ಮಾತ್ರ ಲಾಭಕ್ಕೆ ವಿನಾಯಿತಿ ಎಂಬಲ್ಲಿ ‘ಪ್ರಾಸಂಗಿಕ’ ಎಂದು ಬರೆದೆ. ಓದಿದ ಟ್ರಸ್ಟಿಯೊಬ್ಬರು, “ಅಪರೂಪಕ್ಕೆ ಮಾರಿದರೆ ತೆರಿಗೆಯಿಲ್ಲ ಎಂದಾಯಿತು” ಎಂದರು. ಬೇರೆ ಪದ ಬೇಕು.
– ಅನುವಾದಕಿ, ಮೈಸೂರು

‘ಪೂರಕ’ ಎನ್ನಿ. ಅಂಗಡಿಯ ಲಾಭ ಶಾಲೆಯ ಖರ್ಚನ್ನು ಪೂರೈಸುತ್ತದೆಯಲ್ಲ! ಸಂಬಂಧವಿಲ್ಲದ ಅಂಗಡಿಯಾದರೆ ಇಡೀ ಟ್ರಸ್ಟಿನ ವಿನಾಯಿತಿಯೇ ಹೋಗುತ್ತದೆ, ಎಚ್ಚರ.
– ನಿವೃತ್ತ ಅಧ್ಯಾಪಕ, ಧಾರವಾಡ

ನಮ್ಮ ದೇವಸ್ಥಾನದ ಟ್ರಸ್ಟ್ ನಾಲ್ಕು ಮಳಿಗೆಗಳನ್ನು ಬಾಡಿಗೆಗೆ ಕೊಟ್ಟಿದೆ. ನಮಗೂ ಇದೇ ಗತಿಯೇ?
– ಸಮಿತಿ ಸದಸ್ಯ, ಶಿರಸಿ

ಶಿರಸಿಯವರೇ, ಬರೀ ಬಾಡಿಗೆ ಆಸ್ತಿಯ ಆದಾಯ, ವ್ಯಾಪಾರವಲ್ಲ. ಇಲ್ಲಿನ ಪ್ರಶ್ನೆ ಅದಲ್ಲ.

ಮೇಷ್ಟ್ರೇ, 2026ರ ಮಾರ್ಚ್‌ವರೆಗಿನ ಆದಾಯಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 11(4ಎ) ಕಲಮು ತಡೆಯುವುದು ವ್ಯಾಪಾರದ ಲಾಭವನ್ನು ಮಾತ್ರ. ಆ ಕಲಮಿನಿಂದಲೇ ದೇಣಿಗೆ, ಶುಲ್ಕಗಳ ವಿನಾಯಿತಿ ಹೋಗುವುದಿಲ್ಲ. ಆದರೆ ನಿಮ್ಮ ಎಚ್ಚರಿಕೆ ಪೂರ್ತಿ ಸುಳ್ಳಲ್ಲ: 2022ರ ತಿದ್ದುಪಡಿಯ ನಂತರ ಇಂಥ ವ್ಯಾಪಾರಕ್ಕಾಗಿ ಟ್ರಸ್ಟಿನ ನೋಂದಣಿಯೇ ರದ್ದಾಗಬಹುದು. ಪುಸ್ತಕ, ಸಮವಸ್ತ್ರದಿಂದ ಒಂದು ಲಕ್ಷ, ರಸ್ತೆ ಬಾಗಿಲಿನಿಂದ ಮೂರು ಲಕ್ಷ ಲಾಭ ಬಂತೆನ್ನಿ. ಲೆಕ್ಕ ಬೇರೆಬೇರೆ ಇಟ್ಟಿದ್ದರೆ ಮೂರಕ್ಕೆ ತೆರಿಗೆ. ಎಲ್ಲವನ್ನೂ ಒಂದೇ ಖಾತೆಯಲ್ಲಿ ಬೆರೆಸಿದ್ದರೆ ಆ ಒಂದು ಲಕ್ಷವನ್ನೂ ಉಳಿಸಿಕೊಳ್ಳುವುದು ಕಷ್ಟ. ಏಕೆಂದರೆ ಪ್ರತ್ಯೇಕ ಲೆಕ್ಕಪುಸ್ತಕವೂ ಅದೇ ಕಲಮಿನ ಷರತ್ತು.

‘ಪೂರಕ’ಕ್ಕೆ ಆಧಾರವಿಲ್ಲದಿಲ್ಲ. 2001ರಲ್ಲಿ, ತಮಿಳು ಪತ್ರಿಕೆ ನಡೆಸುತ್ತಿದ್ದ ತಂತಿ ಟ್ರಸ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪತ್ರಿಕೆಯ ಲಾಭ ಶಿಕ್ಷಣಕ್ಕೂ ಬಡವರಿಗೂ ಹೋಗುತ್ತಿದ್ದುದರಿಂದ ಆ ವ್ಯಾಪಾರವನ್ನು ಒಪ್ಪಿತು. ಹಣ ಎಲ್ಲಿಗೆ ಹೋಯಿತು ಎಂಬುದೇ ಅಲ್ಲಿ ಮುಖ್ಯ. ಆದರೆ 2022ರಲ್ಲಿ ನ್ಯೂ ನೋಬಲ್ ಎಜುಕೇಷನಲ್ ಸೊಸೈಟಿ ಪ್ರಕರಣದಲ್ಲಿ, ಬೇರೊಂದು ಕಲಮಿನಡಿ, ಅದೇ ಕೋರ್ಟ್ ವ್ಯಾಪಾರವೇ ಶಿಕ್ಷಣಕ್ಕೆ ಅಂಟಿಕೊಂಡಿರಬೇಕು ಎಂದಿತು: ಪಠ್ಯಪುಸ್ತಕ, ಶಾಲಾ ಬಸ್ಸು, ಹಾಸ್ಟೆಲಿನಂಥವು. ಸೋಪು ಆ ಸಾಲಿಗೆ ಸೇರುವುದಿಲ್ಲ. ಪಕ್ಕದ ಅಂಗಡಿಯವನು ಅದೇ ಸೋಪಿಗೆ ತೆರಿಗೆ ಕಟ್ಟುತ್ತಾನೆ, ಟ್ರಸ್ಟಿಗೆ ಮಾತ್ರ ಏಕೆ ಮಾಫಿ? ಅಮೆರಿಕದವರು 1950ರಲ್ಲಿ ಇಂಥ ಸಂಬಂಧವಿಲ್ಲದ ವ್ಯಾಪಾರಕ್ಕೆ ತೆರಿಗೆ ಹಾಕುವ ಕಾನೂನು ತಂದದ್ದೂ ಈ ಅಳಲಿನಿಂದಲೇ. ವಿಶ್ವವಿದ್ಯಾಲಯವೊಂದರ ಕಾನೂನು ಶಾಲೆಯ ಲಾಭಕ್ಕಾಗಿ ಮ್ಯಾಕರೋನಿ ಕಾರ್ಖಾನೆ ನಡೆಯುತ್ತಿತ್ತು.

ಆದ್ದರಿಂದ ನನ್ನ ಮತ ‘ಆನುಷಂಗಿಕ’ಕ್ಕೆ, ಬೆನ್ನಿಗೆ ಅಂಟಿ ಬರುವುದು ಎಂಬ ಅರ್ಥ ಅದರಲ್ಲಿದೆ.
– ತೆರಿಗೆ ಸಲಹೆಗಾರ, ಹುಬ್ಬಳ್ಳಿ

ಅರ್ಥ ಸರಿ, ಆದರೆ ಟ್ರಸ್ಟಿಗಳಲ್ಲಿ ಎಷ್ಟು ಜನಕ್ಕೆ ‘ಆನುಷಂಗಿಕ’ ಗೊತ್ತು? ‘ಉದ್ದೇಶಕ್ಕೆ ಅಂಟಿದ ವ್ಯಾಪಾರ’ ಎಂದರೆ ಸಾಲದೇ?
– ನಿವೃತ್ತ ಅಧ್ಯಾಪಕ, ಧಾರವಾಡ

ಟಿಪ್ಪಣಿಯಲ್ಲಿ ‘ಆನುಷಂಗಿಕ’, ಟ್ರಸ್ಟಿಗಳ ಪತ್ರದಲ್ಲಿ ‘ಉದ್ದೇಶಕ್ಕೆ ಅಂಟಿದ’ ಎಂದು ಬರೆಯುತ್ತೇನೆ. ಒಂದು ಉಳಿಯಿತು: ಅದೇ ನೋಟ್‌ಬುಕ್ಕನ್ನು ರಸ್ತೆಯ ಗಿರಾಕಿಗೆ ಮಾರಿದರೆ ಅದು ಅಂಟಿದ್ದೋ, ಬಿಟ್ಟದ್ದೋ?
– ಅನುವಾದಕಿ, ಮೈಸೂರು