ಸಹಾಯ ಬೇಕು: ಬೂತಾಯಿ ಮತ್ತು ಅಂಜಲ್ ಬದಲಿ ಸರಕುಗಳೋ, ಪೂರಕಗಳೋ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ಮಲ್ಪೆಯ ಮೀನುಗಳನ್ನಿಟ್ಟುಕೊಂಡು ಒಂದು ಕಾಲ್ಪನಿಕ ಲೆಕ್ಕ ರಚಿಸಿದ್ದೇನೆ. ಕುಟುಂಬವೊಂದರ ಆದಾಯ ಶೇ. 10ರಷ್ಟು ಏರಿದಾಗ ಬೂತಾಯಿಯ ಖರೀದಿ ಶೇ. 5ರಷ್ಟು ಇಳಿಯುತ್ತದೆ, ಅಂಜಲ್ ಖರೀದಿ ಶೇ. 20ರಷ್ಟು ಏರುತ್ತದೆ. ಆದಾಯ ಸ್ಥಿತಿಸ್ಥಾಪಕತ್ವ ಕ್ರಮವಾಗಿ -0.5 ಮತ್ತು 2 ಆಗುವುದರಿಂದ, ಈ ಕುಟುಂಬಕ್ಕೆ ಬೂತಾಯಿ ಕೆಳದರ್ಜೆಯ ಸರಕು, ಅಂಜಲ್ ಸಾಮಾನ್ಯ ಸರಕು. ಇಲ್ಲಿಯವರೆಗೆ ತೊಡಕಿಲ್ಲ.

ಅಂಜಲ್ ಬೆಲೆ ಶೇ. 20ರಷ್ಟು ಏರಿದಾಗ ಬೂತಾಯಿಯ ಖರೀದಿ ಶೇ. 2ರಷ್ಟು ಹೆಚ್ಚುತ್ತದೆ, ಅಡ್ಡ ಸ್ಥಿತಿಸ್ಥಾಪಕತ್ವ +0.1 ಆಗಿ, ಅವು ಬದಲಿ ಸರಕುಗಳೆನಿಸುತ್ತವೆ. ಆದರೆ ಬೂತಾಯಿಯ ಬೆಲೆ ಶೇ. 20ರಷ್ಟು ಏರಿದಾಗ ಅಂಜಲ್ ಖರೀದಿ ಶೇ. 4ರಷ್ಟು ಇಳಿದು, ಉತ್ತರ -0.2 ಬರುತ್ತದೆ. ಚಿಹ್ನೆಯನ್ನಷ್ಟೇ ನೋಡಿದರೆ ಅದೇ ಜೋಡಿ ಪೂರಕವಾಗಿಬಿಡುತ್ತದೆ, ಆದರೆ ಯಾರೂ ಬೂತಾಯಿಯ ಜೊತೆಗೆಂದು ಅಂಜಲ್ ಕೊಳ್ಳುವುದಿಲ್ಲವಷ್ಟೆ!

ಬೂತಾಯಿ ದುಬಾರಿಯಾದಾಗ ಕುಟುಂಬದ ನೈಜ ಆದಾಯ ಕುಗ್ಗಿ, ಮೊದಲು ಅಂಜಲ್‌ಗೇ ಕತ್ತರಿ ಬೀಳುವುದೇ ಇದರ ಕಾರಣವೆಂದು ನನ್ನ ಅಂದಾಜು. ಬೂತಾಯಿಗೆ ಒಟ್ಟು ವೆಚ್ಚದ ಶೇ. 15 ಹೋಗುತ್ತದೆಂದು ಇಟ್ಟುಕೊಂಡು, ಸ್ಲಟ್‌ಸ್ಕಿ ಸಮೀಕರಣದಂತೆ 0.15 × 2, ಅಂದರೆ 0.3 ಅನ್ನು -0.2ಕ್ಕೆ ಕೂಡಿಸಿದಾಗ +0.1 ದೊರೆಯಿತು, ಬದಲಿ ಸಂಬಂಧ ಮರಳಿತು. ಆದರೆ ಪಠ್ಯಕ್ರಮದ ಸರಳ ಸೂತ್ರದಲ್ಲಿ ಈ ತಿದ್ದುಪಡಿಯೇ ಇಲ್ಲ.

ಹೀಗಿರುವಾಗ ಉತ್ತರಪತ್ರಿಕೆಯಲ್ಲಿ -0.2 ಕಂಡು ‘ಪೂರಕ’ ಎಂದು ಬರೆದವರಿಗೆ ಪೂರ್ಣ ಅಂಕ ಕೊಡಬೇಕೇ, ಅಥವಾ ಆದಾಯ ಪರಿಣಾಮವನ್ನು ಕಳೆದ ನಂತರದ ಚಿಹ್ನೆಯನ್ನೇ ಸರಿಯುತ್ತರವೆಂದು ಪರಿಗಣಿಸಬೇಕೇ?