ಅಪ್‌ಡೇಟ್: ರಟ್ಟಿನ ಹೋಕೆನ್ ಲಿಂಕೇಜ್ ಈಗ ನೇರ ಗೆರೆ ಎಳೆಯುತ್ತಿದೆ

ಹೋಕೆನ್ ಲಿಂಕೇಜ್ ಅಂದರೆ ಸುತ್ತುವ ಚಲನೆಯನ್ನು ಬಹುತೇಕ ನೇರ ಚಲನೆಯಾಗಿಸುವ ಪಟ್ಟಿಗಳ ಜೋಡಣೆ. ನನ್ನ ಪ್ರಶ್ನೆ: "ಸಿಮ್ಯುಲೇಶನ್‌ನಲ್ಲಿ ಪೆನ್ನು ನೇರ ಹೋಗುತ್ತೆ, ರಟ್ಟಿನ ಮಾದರಿಯಲ್ಲಿ ಗೆರೆ ಅಲೆಅಲೆಯಾಗಿ ಬರುತ್ತೆ. ಅಳತೆ ಬದಲಿಸಬೇಕಾ?"

ಬೇಕಿಲ್ಲ. ಒಂದು ಸ್ಥಿರ ಪಿನ್ ಮೇಲೆ ಪೂರ್ತಿ ಸುತ್ತುವ ಪಟ್ಟಿ, ಅಂದರೆ ಕ್ರ್ಯಾಂಕ್, 4 ಸೆಂ.ಮೀ., ಎರಡು ಸ್ಥಿರ ಪಿನ್‌ಗಳ ನಡುವೆ 8, ಇನ್ನೊಂದು ಸ್ಥಿರ ಪಿನ್ ಮೇಲೆ ಆಚೀಚೆ ತೂಗುವ ಪಟ್ಟಿ, ಅಂದರೆ ರಾಕರ್, 10. ಇವೆರಡನ್ನೂ ಜೋಡಿಸುವ ಕಪ್ಲರ್ ಪಟ್ಟಿ 20 ಸೆಂ.ಮೀ., ಅದರ ಒಂದು ತುದಿಗೆ ಕ್ರ್ಯಾಂಕ್, ನಟ್ಟನಡುವೆ ರಾಕರ್ ಸೇರುತ್ತದೆ, ಇನ್ನೊಂದು ತುದಿಯಲ್ಲಿ ಪೆನ್ನು. ಕ್ರ್ಯಾಂಕ್ ಅರ್ಧ ಸುತ್ತು ತಿರುಗುವಾಗ ಪೆನ್ನು 16 ಸೆಂ.ಮೀ. ಸಾಗುತ್ತದೆ. ಅಷ್ಟರಲ್ಲಿ ಅದು ಆಚೀಚೆ ಸರಿಯುವುದು ಲೆಕ್ಕದ ಪ್ರಕಾರ ಅರ್ಧ ಮಿ.ಮೀ.ಗೂ ಕಡಿಮೆ. ಇಷ್ಟು ಸರಳ ಜೋಡಣೆಗೆ ಇದು ಅದ್ಭುತ, ಅಲ್ವಾ?

ತೊಂದರೆ ಇದ್ದದ್ದು ತೂತುಗಳಲ್ಲಿ. ಕ್ರ್ಯಾಂಕ್ ಗಟ್ಟಿಯಾಗಿ ಹಿಡಿದು ಪೆನ್ನಿನ ತುದಿ ಅಲ್ಲಾಡಿಸಿದೆ. ಸುಮಾರು 3 ಮಿ.ಮೀ. ಆಡಿತು! ಪೆನ್ನು ನಡುವಿನ ಪಿನ್‌ನಿಂದ ಇನ್ನೂ 10 ಸೆಂ.ಮೀ. ಆಚೆ ಇದೆ. ಹಾಗಾಗಿ ಆ ಪಿನ್‌ನ ಸಡಿಲ ಪೆನ್ನಿನಲ್ಲಿ ಎರಡು ಪಟ್ಟು ಕಾಣುತ್ತದೆ.

ಎರಡು ಪದರ ರಟ್ಟನ್ನು ಒಳಗಿನ ಅಲೆಗೆರೆಗಳು ಒಂದಕ್ಕೊಂದು ಅಡ್ಡ ಬರುವಂತೆ ಅಂಟಿಸಿ, ತೂತಿಗೆ ಬೋಲ್ಟ್ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಕೊಳವೆಯ ತುಂಡು ಹಾಕಿದೆ. ಪಟ್ಟಿ ಬಾಗುವುದು ನಿಂತಿತು, ಗೆರೆ ನೇರವಾಯಿತು. ಮಿಕ್ಕ ಅರ್ಧ ಸುತ್ತಿನಲ್ಲಿ ಪೆನ್ನು ಕಮಾನಿನಂತೆ ವೇಗವಾಗಿ ವಾಪಸ್ ಬರುವುದೂ ಸಿಮ್ಯುಲೇಶನ್‌ಗೆ ಹೊಂದುತ್ತಿದೆ.